ಗಾಜಿನಲ್ಲಿ ಕಾಣದ ನೀರು

ಚೌಕಾಸಿ ಮಾಡುವುದನ್ನು ನನಗೆ ಯಾರೂ ಕೂರಿಸಿ ಕಲಿಸಲಿಲ್ಲ. ಎಚ್.ಡಿ. ಕೋಟೆ ಕಡೆಯ ಹಳ್ಳಿಗಳಲ್ಲಿ ಸೈಕಲ್ಲಿನ ಮೇಲೆ ಪ್ಲಾಸ್ಟಿಕ್ ಕೊಡ ಮಾರುತ್ತ ತಾನಾಗಿ ಬಂತು. ಕೊಡ ಕೊಳ್ಳುವ ಹೆಂಗಸು ಮೊದಲು ಕೊಡವನ್ನು ಬೈಯುತ್ತಾಳೆ, ಆಮೇಲೆ ನನ್ನನ್ನು ಬೈಯುತ್ತಾಳೆ, ಕೊನೆಗೆ ಸೆರಗಿನ ಗಂಟು ಬಿಚ್ಚುತ್ತಾಳೆ. ಬೈಗುಳ ಜೋರಾದಷ್ಟೂ ವ್ಯಾಪಾರ ಹತ್ತಿರ ಬಂತು ಎಂದು ತಿಳಿಯಬೇಕು. ಇದನ್ನು ಯಾರಿಗೆ ಬೇಕಾದರೂ ಹೇಳಿಕೊಡುತ್ತೇನೆ, ಪುಕ್ಕಟೆಯಾಗಿ. ಆದರೆ ಚೌಕಾಸಿಗೆ ಬಗ್ಗದ ವಸ್ತುವೊಂದು ಲೋಕದಲ್ಲಿ ಇದೆ ಎಂದು ನನಗೆ ಗೊತ್ತಾದದ್ದು ಮೊಣಕಾಲು ಕೆಟ್ಟು, ಸೈಕಲ್ ಬಿಟ್ಟು, ಕೆ.ಆರ್. ನಗರದ ಹತ್ತಿರದ ಒಂದು ರೈಸ್ ಮಿಲ್ಲಿಗೆ ಸೇರಿದ ಮೇಲೆ.

ಆ ಮಿಲ್ಲಿನಲ್ಲಿ ಕುಸುಬಲಕ್ಕಿ ಮಾಡುತ್ತಿದ್ದರು. ಭತ್ತವನ್ನು ತೊಟ್ಟಿಯಲ್ಲಿ ನೆನೆಸಿ, ಅದಕ್ಕೆ ಆವಿ ಬಿಟ್ಟು ಬೇಯಿಸಿ, ಕಣದಲ್ಲಿ ಒಣಗಿಸಿ, ಆಮೇಲೆ ಅಕ್ಕಿ ಮಾಡುವುದು. ಆ ಆವಿಗಾಗಿ ಒಂದು ಬಾಯ್ಲರ್. ಮಲಗಿಸಿದ ದೊಡ್ಡ ಕಬ್ಬಿಣದ ಪೀಪಾಯಿ ಎಂದುಕೊಳ್ಳಿ. ಅದರ ಹೊಟ್ಟೆಯೊಳಗೊಂದು ಕೊಳವೆ, ಕೊಳವೆಯಲ್ಲಿ ಬೆಂಕಿ, ಬೆಂಕಿಯ ಸುತ್ತ ನೀರು. ಭತ್ತದ ಹೊಟ್ಟನ್ನು ಸಲಿಕೆಯಲ್ಲಿ ತುಂಬಿ ಬೆಂಕಿಗೆ ಹಾಕುವುದು ನನ್ನ ಕೆಲಸ. ಒಳಗೆ ನೀರು ಎಷ್ಟಿದೆ ಎಂದು ತೋರಿಸಲು ಮುಂಭಾಗದಲ್ಲಿ ಎರಡು ಗಾಜಿನ ಕೊಳವೆಗಳಿದ್ದವು. ಗಾಜಿನಲ್ಲಿ ನೀರಿನ ಗೆರೆ ಎಲ್ಲಿ ನಿಂತಿದೆಯೋ ಒಳಗೂ ಅಷ್ಟೇ. ಗೆರೆ ಇಳಿದರೆ ಪಂಪಿನ ಸ್ವಿಚ್ ಒತ್ತಬೇಕು, ಅರ್ಧಕ್ಕೆ ಬಂದರೆ ನಿಲ್ಲಿಸಬೇಕು.

ನಾನಾಗಿ ಬಾಯ್ಲರ್ ನಡೆಸುವ ಹಾಗಿರಲಿಲ್ಲ. ಸರ್ಕಾರದ ಪರೀಕ್ಷೆ ಪಾಸಾಗಿ ಸರ್ಟಿಫಿಕೇಟ್ ಇರುವವನೊಬ್ಬ ಎದುರಿಗಿರಲೇಬೇಕು. ಹಾಗಿದ್ದವರು ವಯನಾಡಿನ ಕಡೆಯ ಒಬ್ಬ ಮುದುಕರು. ನಾವೆಲ್ಲ ಅವರ ಕಡೆಯ ಮಾತಿನಲ್ಲೇ ‘ಇಕ್ಕ’, ಅಂದರೆ ಅಣ್ಣ, ಎನ್ನುತ್ತಿದ್ದೆವು. ಮೂವತ್ತು ವರ್ಷ ಬೆಂಕಿಯ ಮುಂದೆ ಕೂತು ಮುಖವೆಲ್ಲ ಸುಟ್ಟ ಇಟ್ಟಿಗೆಯ ಬಣ್ಣ. ಅವರು ಊರಿಗೆ ಹೋಗಿ ಮಗಳ ಮನೆಯಲ್ಲಿರುತ್ತೇನೆ ಎಂದಾಗ ಮಿಲ್ಲಿನ ಯಜಮಾನರು ನನ್ನನ್ನು ಕರೆಸಿದರು.

“ನೋಡಿ ಸಾಬ್ರೆ, ಮೂರು ವರ್ಷದಿಂದ ಬೆಂಕಿಗೆ ಒಟ್ಟು ಆಕ್ತಿದ್ದೀರಿ. ಪರೀಕ್ಷೆಗೆ ಅರ್ಜಿ ಆಕಿ. ಪಾಸಾದ್ರೆ ಬಾಯ್ಲರ್ ನಿಮ್ದು, ಹಿಂದ್ಗಡೆ ಮನೇನೂ ನಿಮ್ದು. ಆಗ್ಲಿಲ್ಲ ಅಂದ್ರೆ ಕೇರಳದಿಂದ ಇನ್ನೊಬ್ಬನ್ನ ಕರೆಸ್ತೀನಿ. ಅವನು ತನ್ ಜೊತೆಗೆ ತನ್ ಆಳೂ ಕರ್ಕಂಡು ಬತ್ತಾನೆ. ಆಮೇಲೆ ನನ್ನ ಬೈಬಾರ್ದು.”

“ಯಜಮಾನ್ರೇ, ಪಾಸಾದ್ರೆ ಕರೆಂಟ್ ಬಿಲ್ಲೂ ನಿಮ್ದೇನಾ?” ಎಂದೆ.

“ಮೊದ್ಲು ಪಾಸಾಗ್ರೀ! ಪಾಸಾಗೋಕೂ ಮುಂಚೆ ಚೌಕಾಸಿ ಅಚ್ಕಂಡು ಕುಂತವ್ರೆ” ಎಂದು ನಕ್ಕರು. ನಾನೂ ನಕ್ಕೆ. ಹೊರಗೆ ಬಂದ ಮೇಲೆ ನಗು ನಿಂತಿತು. ನಲವತ್ತು ದಾಟಿದವನು, ಏಳನೇ ಕ್ಲಾಸಿನ ನಂತರ ಪರೀಕ್ಷೆ ಎಂಬುದನ್ನು ಕಂಡವನಲ್ಲ. ಕೆಟ್ಟ ಮೊಣಕಾಲಿಟ್ಟುಕೊಂಡು ಮತ್ತೆ ಕೊಡ ಮಾರಲು ಆಗುತ್ತಿರಲಿಲ್ಲ. ಪಾಸಾಗದಿದ್ದರೆ ಮನೆಯಲ್ಲಿ ಒಲೆ ಹೇಗೆ ಉರಿಯಬೇಕು?

ಅಳುಕಿದ ವ್ಯಾಪಾರಿ ಏನು ಮಾಡುತ್ತಾನೆ? ಸಿದ್ಧಮಾಲು ಹುಡುಕುತ್ತಾನೆ. ಹಿಂದೆ ಇದೇ ಪರೀಕ್ಷೆ ಪಾಸಾದವನೊಬ್ಬನ ಬಳಿ ಪ್ರಶ್ನೋತ್ತರದ ನೋಟ್‌ಬುಕ್ ಇದೆ ಎಂದು ತಿಳಿಯಿತು. ಎರಡು ನಾಟಿ ಕೋಳಿ ಕೇಳಿದ. ಒಂದು ಕೋಳಿ, ಆರು ಮೊಟ್ಟೆಗೆ ಇಳಿಸಿ ತಂದೆ. ಒಳ್ಳೆಯ ವ್ಯಾಪಾರವಾಯಿತೆಂದು ಬಹಳ ಖುಷಿಯಾಯಿತು.

ನೋಟ್‌ಬುಕ್ಕಿನಲ್ಲಿ ನೂರ ಇಪ್ಪತ್ತು ಪ್ರಶ್ನೆಗಳಿದ್ದವು. ಅಷ್ಟನ್ನು ತಲೆಗೆ ಹಾಕಿಕೊಳ್ಳಲು ನನ್ನದೇ ಒಂದು ದಾರಿ ಹಿಡಿದೆ. ಕೊಡ ಮಾರುವಾಗ ಯಾವ ಹಳ್ಳಿಯಲ್ಲಿ ಯಾವ ಬೆಲೆಗೆ ಶುರು ಮಾಡಬೇಕೆಂದು ಊರಿನ ಹೆಸರಿಗೆ ಬೆಲೆ ಗಂಟು ಹಾಕಿ ನೆನಪಿಡುತ್ತಿದ್ದೆ. ಊರು ಕಂಡರೆ ಸಾಕು, ಬೆಲೆ ಬಾಯಿಗೆ ಬರುತ್ತಿತ್ತು. ಇಲ್ಲೂ ಹಾಗೆಯೇ ಪ್ರಶ್ನೆಯ ಮೊದಲ ಮಾತಿಗೆ ಉತ್ತರವನ್ನು ಗಂಟು ಹಾಕಿದೆ. ‘ನೀರು ಕಡಿಮೆ’ ಅಂದರೆ ‘ಪಂಪು ಹಾಕು’. ‘ಗಾಜು ಒಡೆದರೆ’ ಅಂದರೆ ‘ನೀರಿನ ವಾಲ್ವು ಮೊದಲು, ಆವಿಯದು ಆಮೇಲೆ’. ‘ಸೇಫ್ಟಿ ವಾಲ್ವು’ ಅಂದರೆ ‘ಭಾರ ಇಡಬಾರದು’. ಗಂಟು ಜಗ್ಗಿದರೆ ಬುಟ್ಟಿ ಮೇಲೆ ಬರಬೇಕು, ಅಷ್ಟೇ.

ಮನೆಯಲ್ಲಿ ಹೆಂಡತಿ ಬಟ್ಟೆ ಹೊಲಿಯುತ್ತ, ನೋಟ್‌ಬುಕ್ ತೊಡೆಯ ಮೇಲಿಟ್ಟುಕೊಂಡು ಪ್ರಶ್ನೆ ಓದುತ್ತಿದ್ದಳು. ಅವಳು ಪ್ರಶ್ನೆಯ ಅರ್ಧ ಓದುವುದರೊಳಗೆ ನಾನು ಉತ್ತರ ಮುಗಿಸುತ್ತಿದ್ದೆ.

“ಅಲ್ಲಾ, ಪ್ರಶ್ನೆ ಪೂರ್ತಿ ಕೇಳಿಸ್ಕೊಳ್ಳೋಕೇನ್ರೀ ನಿಮ್ಗೆ ಕಷ್ಟ?” ಎಂದಳು ಒಮ್ಮೆ.

“ಅರ್ಧಕ್ಕೇ ಗೊತ್ತಾಗೋಯ್ತದೆ ಕಣೇ.”

“ನನ್ ಹತ್ರಾನೂ ಅಂಗೇ. ಅರ್ಧ ಮಾತು ಕೇಳಿ ಅಂಗಡಿಗೆ ಓಡೋದು, ಬೇಳೆ ಅಂದ್ರೆ ಬೆಲ್ಲ ತರೋದು” ಎಂದು ಸೂಜಿಗೆ ದಾರ ಪೋಣಿಸತೊಡಗಿದಳು.

ಪರೀಕ್ಷೆಗೆ ಒಂದು ತಿಂಗಳಿತ್ತು. ಬೆಳಗಿನ ಹತ್ತು ಗಂಟೆಯ ಹೊತ್ತು. ಕಣದಲ್ಲಿ ಎಂಟು ಜನ ಹೆಂಗಸರು ಕಾಲಿನಿಂದ ಭತ್ತ ಎಳೆದು ಸಾಲು ಮಾಡುತ್ತಿದ್ದರು. ಇಕ್ಕ ಕೂಗಳತೆಯಲ್ಲೇ, ಆವಿಯ ಪೈಪಿನ ಕೀಲೊಂದು ಸೋರದಂತೆ ದಾರ ಸುತ್ತುತ್ತಿದ್ದರು. ಬೆಂಕಿ ನನ್ನ ವಶದಲ್ಲಿತ್ತು. ನೀರು ಅರ್ಧಕ್ಕೆ ಬಂದಾಗ ಪಂಪು ನಿಲ್ಲಿಸಿದ್ದೆ. ಆಮೇಲೆ ಹೊಟ್ಟು ಹಾಕುತ್ತ ನೋಟ್‌ಬುಕ್ಕಿನ ಪಾಠ ಶುರು ಮಾಡಿದೆ. ಅರವತ್ತರಿಂದ ಎಂಬತ್ತರವರೆಗೆ ಒಂದೂ ತಪ್ಪಿಲ್ಲದೆ ಒಪ್ಪಿಸಬೇಕೆಂದು ಹಟ. ಕಣ್ಣು ಮುಚ್ಚಿಕೊಂಡು ಹೇಳುತ್ತಿದ್ದೆ. ನೀರಿನ ಬಗ್ಗೆ ಇಪ್ಪತ್ತು ಉತ್ತರ ಹೇಳಿದೆ. ಅಷ್ಟು ಹೊತ್ತೂ ನೀರನ್ನು ನೋಡಲಿಲ್ಲ.

ಕಣ್ಣು ಬಿಟ್ಟಾಗ ಎರಡೂ ಗಾಜುಗಳಲ್ಲಿ ಗೆರೆ ಇರಲಿಲ್ಲ. ಉದ್ದಕ್ಕೂ ಬರೀ ಗಾಜು.

ತಲೆ ಖಾಲಿ. ಖಾಲಿ ತಲೆಯಲ್ಲಿ ಗಂಟು ಮಾತ್ರ ಉಳಿದಿತ್ತು, ಅದನ್ನೇ ಜಗ್ಗಿದೆ. ನೀರು ಕಡಿಮೆ ಅಂದರೆ ಪಂಪು ಹಾಕು. ಕೈ ಸ್ವಿಚ್ಚಿನತ್ತ ಹೋಯಿತು. ಬೆರಳು ತಾಗುವಷ್ಟರಲ್ಲಿ ಮುಂಗೈಯನ್ನು ಯಾರೋ ಇಕ್ಕಳದಂತೆ ಹಿಡಿದರು. ಇಕ್ಕ. ಅವರು ಓಡಿದ್ದನ್ನು ನಾನು ಅದಕ್ಕೂ ಮುಂಚೆ ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ.

“ತೊಡಬೇಡ! ಮುಟ್ಟಬೇಡ ಮೋನೇ, ಪಂಪು ಮುಟ್ಟಬೇಡ!” ಗಾಬರಿಯಲ್ಲಿ ಅವರ ಬಾಯಿಗೆ ಅರ್ಧ ಮಲಯಾಳವೇ ಬಂದಿತ್ತು.

ಅವರು ಗಾಜಿನ ಕೆಳಗಿನ ಸಣ್ಣ ವಾಲ್ವು ತಿರುಗಿಸಿದರು. ಸುಯ್ಯೆಂದು ಆವಿ ಬಂತು. ಮೇಲಿನದನ್ನು ಮುಚ್ಚಿದರು. ನೀರು ಚಿಮ್ಮಬೇಕಾಗಿದ್ದ ಕಡೆ ಬರೀ ಆವಿ. ಎರಡನೆಯ ಗಾಜಿನಲ್ಲೂ ಅದೇ. ಅವರ ತುಟಿ ಬಿಳಿಚಿದ್ದನ್ನು ಕಂಡೆ. ಆ ಇಟ್ಟಿಗೆಯ ಮುಖದಲ್ಲಿ ತುಟಿ ಮಾತ್ರ ಬಿಳುಪು.

“ಹೊಟ್ಟು ನಿಲ್ಲಿಸು. ಬೂದಿ. ಬೆಂಕಿ ಮೇಲೆ ಬೂದಿ ಹಾಕು, ಬೇಗ.”

ಒದ್ದೆ ಬೂದಿಯಲ್ಲ, ಒಣ ಬೂದಿ. ಸಲಿಕೆ ಸಲಿಕೆ ಎತ್ತಿ ಬೆಂಕಿಯನ್ನು ಹೂತೆ. ಅವರು ಗಾಳಿಯ ಬಾಗಿಲು ಮುಚ್ಚಿದರು, ಹೊಗೆಗೂಡಿನ ತಗಡು ಎಳೆದರು. ನಾನು ಆವಿಯ ದೊಡ್ಡ ವಾಲ್ವು ತೆರೆದು ಒತ್ತಡ ಬಿಟ್ಟುಬಿಡೋಣವೇ ಎಂದು ಅತ್ತ ನೋಡಿದಾಗ, “ಅದೂ ಬೇಡ. ಏನೂ ಅಲುಗಿಸಬೇಡ. ಹೊರಗೆ ನಡಿ” ಎಂದರು. ಕಣದ ಹೆಂಗಸರಿಗೆ, “ಎಲ್ಲಾ ರೋಡಿಗೆ ಹೋಗಿ! ಚಪ್ಪಲಿ ಬುಡಿ, ಹೋಗಿ!” ಎಂದು ಕೂಗಿದರು.

ರಸ್ತೆಯಾಚೆಯ ಕಬ್ಬಿನ ಗದ್ದೆಯ ಬದುವಿನಲ್ಲಿ ನಾವು ಹತ್ತು ಜನ ನಿಂತೆವು. ಯಾವ ಸದ್ದೂ ಇರಲಿಲ್ಲ. ಸದ್ದಿಲ್ಲದಿರುವುದಕ್ಕೆ ನನಗೆ ಇನ್ನೂ ಹೆದರಿಕೆಯಾಯಿತು. ಒಬ್ಬಾಕೆ ಮೆಲ್ಲಗೆ, “ಏನಾಗೋಯ್ತಣ್ಣಾ?” ಎಂದಳು. ನೂರ ಇಪ್ಪತ್ತು ಉತ್ತರ ಗೊತ್ತಿದ್ದ ನಾನು, “ಗಾಜಲ್ಲಿ ನೀರು ಕಾಣ್ತಿಲ್ಲ ಕಣಮ್ಮಾ” ಎಂದಷ್ಟೇ ಹೇಳಿದೆ.

ಯಜಮಾನರು ಸ್ಕೂಟರಿನಲ್ಲಿ ಬಂದರು. “ಒಂದು ತೊಟ್ಟಿ ಭತ್ತ ಅರ್ಧ ಬೆಂದು ನಿಂತದೆ! ಉಳಿ ವಾಸ್ನೆ ಬಂದ್ರೆ ಯಾರು ತಗತಾರೆ ಅದ್ನ? ನೀರು ಬುಡಿ, ಸುರು ಮಾಡಿ!” ಎಂದು ಗೇಟಿನತ್ತ ಹೊರಟರು. ಇಕ್ಕ ಅಡ್ಡ ನಿಂತರು. ಕೈ ಮುಗಿದರು, ಆದರೆ ದಾರಿ ಬಿಡಲಿಲ್ಲ. ಯಜಮಾನರನ್ನು ತಮ್ಮ ಭಾಷೆಯಲ್ಲೇ ಕರೆದು, “ಮೊದಲಾಳೀ, ಭತ್ತ ಮತ್ತೆ ಬೆಳೀತದೆ” ಎಂದರು.

ಬಾಯ್ಲರ್ ತಣ್ಣಗಾಗಲು ಆ ಇಡೀ ದಿನ ಹಿಡಿಯಿತು. ಮಾರನೆಯ ದಿನ ತಿಳಿದವರನ್ನು ಕರೆಸಿ ಒಳಗೆಲ್ಲ ತಪಾಸಣೆ ಮಾಡಿಸಿದರು. ಬೆಂಕಿಯ ಕೊಳವೆಯ ನೆತ್ತಿಯಲ್ಲಿ ಸೀಸದ ಬಿರಡೆಯೊಂದಿರುತ್ತದೆ. ಅದರ ಮೇಲೆ ನೀರು ಇರುವ ತನಕ ಅದು ಗಟ್ಟಿ. ನೀರು ಇಳಿದು ಬಿರಡೆ ಬರಿದಾದರೆ ಸೀಸ ಕರಗಿ, ಆ ತೂತಿನಿಂದ ಆವಿ ನುಗ್ಗಿ ಬೆಂಕಿಯನ್ನು ಅದುಮುತ್ತದೆ. ಬಿರಡೆ ಕರಗಿರಲಿಲ್ಲ. ಅಂದರೆ ನೀರು ಗಾಜಿನ ಬುಡಕ್ಕಿಂತ ಕೆಳಗಿಳಿದಿದ್ದರೂ ಬೆಂಕಿಯ ನೆತ್ತಿಯ ಮೇಲೆ ಇನ್ನೂ ತೆಳ್ಳಗೆ ನಿಂತಿತ್ತು.

“ಅಂದ್ರೆ ಪಂಪು ಹಾಕಿದ್ರೂ ಏನೂ ಆಗ್ತಿರ್ಲಿಲ್ವಲ್ಲಾ ಇಕ್ಕಾ?” ಎಂದೆ, ಸ್ವಲ್ಪ ಉಸಿರಾಡಿ.

ಅವರು ಎದ್ದು ಬಂದು ನನ್ನ ಎದುರಿಗೇ ಕುಕ್ಕುರುಗಾಲಲ್ಲಿ ಕೂತರು.

“ನಿನ್ನೆ ನಿಂಗೆ ಅದು ಗೊತ್ತಿತ್ತಾ?”

“ಇಲ್ಲ.”

“ನನಗೂ ಇಲ್ಲ. ಗಾಜಿನಲ್ಲಿ ಕಾಣೋ ತನಕ ನೀರು ಎಲ್ಲಿದೆ ಅಂತ ಗೊತ್ತು. ಕಾಣದೆ ಹೋದರೆ ಗೊತ್ತಿಲ್ಲ. ಗೊತ್ತಿಲ್ಲ ಅಂದ್ರೆ ಇಲ್ಲ ಅಂತಲೇ ಲೆಕ್ಕ. ಹೇಳು, ಬಾಯ್ಲರಿನಲ್ಲಿ ನೀರು ಯಾಕೆ?”

“ಆವಿ ಮಾಡೋಕೆ.”

“ಅದು ಮೊದಲಾಳಿಗೆ. ಕಬ್ಬಿಣಕ್ಕೆ ಯಾಕೆ?”

ನೋಟ್‌ಬುಕ್ಕಿನಲ್ಲಿ ಆ ಪ್ರಶ್ನೆ ಇರಲಿಲ್ಲ.

ಅವರೇ ಹೇಳಿದರು. ಬೆಂಕಿ ಕಬ್ಬಿಣಕ್ಕೆ ಕೊಡುವ ಶಾಖವನ್ನು ನೀರು ಕೂಡಲೇ ಹೊತ್ತೊಯ್ಯುತ್ತದೆ. ಹೊತ್ತೊಯ್ಯುವವರಿಲ್ಲದಿದ್ದರೆ ಕಬ್ಬಿಣ ಕೆಂಪಗಾಗುತ್ತದೆ, ಮೆತ್ತಗಾಗುತ್ತದೆ. ಬೆಂಕಿಯ ಕೊಳವೆಯ ಸುತ್ತಲಿಂದ ಒತ್ತುತ್ತಿರುವ ಆವಿ ಅದನ್ನು ಒಳಕ್ಕೆ ಅದುಮುತ್ತದೆ. ಆಗ ಪಂಪು ಹಾಕಿದೆ ಎನ್ನು. ಕಾದ ಕಬ್ಬಿಣ ತಟ್ಟನೆ ಕುಗ್ಗಿ ಬಿರಿಯುತ್ತದೆ. ಬಿದ್ದ ನೀರು ಕಣ್ಣು ಮಿಟುಕಿಸುವುದರಲ್ಲಿ ನೂರಾರು ಪಟ್ಟು ಹಿಗ್ಗಿ ಆವಿಯಾಗುತ್ತದೆ. ಅದಕ್ಕೆ ಜಾಗ ಬೇಕು, ಜಾಗವಿಲ್ಲ. ಆವಿಯ ವಾಲ್ವನ್ನು ತಟ್ಟನೆ ತೆರೆದರೂ ಅಪಾಯವೇ. ಒತ್ತಡ ಕುಸಿದ ಕೂಡಲೇ ಉಳಿದ ನೀರು ಉಕ್ಕಿ ಎದ್ದು ಕೆಂಪು ಕಬ್ಬಿಣಕ್ಕೆ ಬಡಿಯುತ್ತದೆ.

“ನಿನ್ನ ಬುಕ್ಕಿನಲ್ಲಿ ‘ನೀರು ಕಡಿಮೆ’ ಅಂತ ಇದೆ. ಕಡಿಮೆ ಬೇರೆ, ಕಾಣದೆ ಹೋಗೋದು ಬೇರೆ” ಎಂದು ಕಣದತ್ತ ಕೈ ತೋರಿಸಿದರು. “ನಿನ್ನೆ ನಿನ್ನ ಕೈ ಕೊಡೋಕೆ ಹೋದ ಉತ್ತರಕ್ಕೆ ಅವರೆಲ್ಲ...” ಕಣದಲ್ಲಿ ಹೆಂಗಸರು ಏನೋ ತಮಾಷೆಗೆ ನಗುತ್ತಿದ್ದರು.

ಯಜಮಾನರು ಕರೆದು ಒಂದೇ ಮಾತು ಹೇಳಿದರು. “ಪರೀಕ್ಷೆ ತಂಕ ನೋಡ್ತೀನಿ ಸಾಬ್ರೆ. ಅಷ್ಟೇ.” ನಾನು ಚೌಕಾಸಿ ಮಾಡಲಿಲ್ಲ.

ಆಮೇಲಿನ ನಾಲ್ಕು ವಾರ ಹೆದರಿಕೆಯಲ್ಲೇ ಓದಿದೆ. ಗಾಜಿನ ಎದುರಿನಿಂದ ಮೂತ್ರಕ್ಕೆ ಹೋಗಲೂ ಧೈರ್ಯ ಬರುತ್ತಿರಲಿಲ್ಲ, ಇಕ್ಕ ಬಂದು ನಿಂತರೆ ಮಾತ್ರ ಹೋಗುತ್ತಿದ್ದೆ. ನೋಟ್‌ಬುಕ್ಕನ್ನು ಬಿಸಾಡಲಿಲ್ಲ. ಅದರ ಪ್ರತಿ ಉತ್ತರದ ಪಕ್ಕದಲ್ಲಿ ‘ಯಾಕೆ?’ ಎಂದು ಬರೆದು ಇಕ್ಕನ ಮುಂದೆ ಹಿಡಿಯುತ್ತಿದ್ದೆ. ಗಾಜು ಒಡೆದರೆ ನೀರಿನ ವಾಲ್ವನ್ನೇ ಮೊದಲು ಯಾಕೆ ಮುಚ್ಚಬೇಕು? ಆ ನೀರು ಹೊರಬಿದ್ದ ಕೂಡಲೇ ಆವಿಯಾಗಿ ಮೈ ಬೇಯಿಸುತ್ತದೆ, ಒಳಗಿನ ನೀರನ್ನೂ ಖಾಲಿ ಮಾಡುತ್ತದೆ, ಅದಕ್ಕೆ. ದಿನಾ ಗಾಜಿನ ಕೆಳಗಿನ ವಾಲ್ವು ಬಿಟ್ಟು ಯಾಕೆ ನೋಡಬೇಕು? ದಾರಿಯಲ್ಲಿ ಕೆಸರು ಕಟ್ಟಿಕೊಂಡರೆ ಒಳಗೆ ನೀರಿಲ್ಲದಿದ್ದರೂ ಗಾಜಿನಲ್ಲಿ ಹಳೆಯ ನೀರು ಸುಮ್ಮನೆ ನಿಂತಿರುತ್ತದೆ, ಅದಕ್ಕೆ. ನನಗೆ ಗೊತ್ತಿದ್ದ ಕೆಲವು ಸಾಹುಕಾರರ ಹಾಗೆ, ಮುಂದೆ ಮಾತ್ರ ಮಾಲು, ಗೋಡೌನ್ ಖಾಲಿ. ಎರಡು ಗಾಜು ಬೇರೆ ಬೇರೆ ಮಟ್ಟ ತೋರಿಸಿದರೆ ಯಾವುದನ್ನು ನಂಬಬೇಕು? ಎರಡನ್ನೂ ನಂಬಬೇಡ, ಎರಡನ್ನೂ ಬಿಟ್ಟು ನೋಡು.

ಹೆಂಡತಿಗೆ ಹೊಸ ಕೆಲಸ ಕೊಟ್ಟೆ. ಪ್ರಶ್ನೆಯನ್ನು ಇದ್ದ ಹಾಗೆ ಓದಬೇಡ, ತಿರುಗಿಸಿ ಮುರುಗಿಸಿ ಕೇಳು ಎಂದೆ. ಅವಳಿಗೆ ಅದು ಬಹಳ ಹಿಡಿಸಿತು. ತರಕಾರಿ ಹೆಚ್ಚುತ್ತ, ಇದ್ದಕ್ಕಿದ್ದಂತೆ, “ಸೇಫ್ಟಿ ವಾಲ್ವು ಸುಮ್‌ಸುಮ್ನೆ ಸೋರ್ತದೆ, ಯಜಮಾನ್ರು ಇಟ್ಟಿಗೆ ನೇತಾಕು ಅಂತಾರೆ. ಒಂದೇ ಒಂದು ಸಣ್ಣಿಟ್ಟಿಗೆ. ಏನ್ ಮಾಡ್ತೀರಿ?” ಎನ್ನುವಳು. ಉತ್ತರಕ್ಕೆ ಒದ್ದಾಡಿದರೆ ಬದನೆಕಾಯಿ ತೋರಿಸಿ, “ಓದ್ರೀ, ಇನ್ನೂ ಬೇಯ್ಬೇಕು” ಎನ್ನುವಳು.

ಪರೀಕ್ಷೆಗೆ ಮೈಸೂರಿಗೆ ಹೋದೆ. ಬಸ್ಸಿನಲ್ಲಿ ಕೂತರೆ ಕೈ ಬೆವರಿ ಹಾಲ್‌ಟಿಕೆಟ್ಟಿನ ಅಂಚು ಮೆತ್ತಗಾಯಿತು. ಬರೆಯುವ ಪರೀಕ್ಷೆ ಮೊದಲು. ಕಾಗದ ಕೈಗೆ ಬಂತು. ನೋಟ್‌ಬುಕ್ಕಿನ ಒಂದು ಪ್ರಶ್ನೆಯೂ ನೋಟ್‌ಬುಕ್ಕಿನ ಮಾತಿನಲ್ಲಿ ಇರಲಿಲ್ಲ. ಹಳೆಯ ನಾನಾಗಿದ್ದರೆ ಅಲ್ಲೇ ಎದ್ದು ಬರುತ್ತಿದ್ದೆ. ಕಾಗದ ಮಗುಚಿಟ್ಟೆ. ಕಣ್ಣ ಮುಂದೆ ಮಿಲ್ಲಿನ ಬಾಯ್ಲರನ್ನು ತಂದುಕೊಂಡೆ, ಎಲ್ಲಿ ಬೆಂಕಿ, ಎಲ್ಲಿ ನೀರು, ಎಲ್ಲಿ ಆವಿ. ಆಮೇಲೆ ಕಾಗದ ತಿರುಗಿಸಿ ಒಂದೊಂದಾಗಿ ಓದಿದೆ, ಕೊನೆಯ ಅಕ್ಷರದವರೆಗೆ. ಅಲ್ಲಿ ಕೇಳಿದ್ದೆಲ್ಲ ನನ್ನ ಬಾಯ್ಲರಿನೊಳಗೇ ಇತ್ತು.

ಬಾಯಿಪರೀಕ್ಷೆಯ ಸಾಲಿನಲ್ಲಿ ನನ್ನ ಹಿಂದೆ ನಿಂತವನು ಕಂಪಲಾಪುರದವನು. ಅಲ್ಲಿನ ಸಣ್ಣ ಮಿಲ್ಲೊಂದರಲ್ಲಿ ಬೆಂಕಿ ಹಾಕುವವನು, ಮೂವತ್ತರ ಆಸುಪಾಸು. ಕೈಯಲ್ಲಿ ಮಡಿಸಿದ ಚೀಟಿ, ತುಟಿ ಪಟಪಟ ಆಡುತ್ತಿತ್ತು. ನೋಡಿದರೆ ನನ್ನದೇ ನೂರ ಇಪ್ಪತ್ತು ಪ್ರಶ್ನೆಗಳು! ಅವನು ಎಷ್ಟು ಕೋಳಿ ಕೊಟ್ಟನೋ ಕೇಳಲಿಲ್ಲ.

ಒಳಗೆ ಸಾಹೇಬರು, ಶಾಂತವಾದ ಮನುಷ್ಯ. ಅದರಿಂದ ಹೆದರಿಕೆ ಕಡಿಮೆಯಾಗಲಿಲ್ಲ.

“ಡ್ಯೂಟಿಗೆ ಬಂದ್ರಿ. ಗಾಜಿನಲ್ಲಿ ಗೆರೆ ಕಾಣ್ತಿಲ್ಲ. ನೀರು ಇದೆಯೋ ಇಲ್ಲವೋ?”

ಇಲ್ಲ ಸಾರ್ ಎಂದು ನಾಲಿಗೆಯ ತುದಿಗೆ ಬಂತು. ತಡೆದೆ. ಗಾಜು ತುಂಬಿ ತುಳುಕಿದರೂ ಗೆರೆ ಕಾಣುವುದಿಲ್ಲ. ಪೂರ್ತಿ ತುಂಬಿದ ಗಾಜೂ ಪೂರ್ತಿ ಖಾಲಿ ಗಾಜೂ ನೋಡಲು ಒಂದೇ.

“ನೋಡಿ ಹೇಳಕ್ಕಾಗಲ್ಲ ಸಾರ್. ಮೇಲಿನ ವಾಲ್ವು ಮುಚ್ಚಿ ಕೆಳಗಿಂದು ಬಿಟ್ಟು ನೋಡ್ಬೇಕು. ನೀರು ಬಂದ್ರೆ ತುಂಬಿದೆ, ಆವಿ ಮಾತ್ರ ಬಂದ್ರೆ ಖಾಲಿ.”

“ಸರಿ. ಗೆರೆ ಗಾಜಿನ ಬುಡದಲ್ಲಿ ಅರ್ಧ ಇಂಚು ಕಾಣ್ತಾ ಇದೆ. ಬೆಂಕಿ ಹೂತು ಹೊರಗೆ ಓಡ್ತೀರಾ?”

ನನ್ನ ಕಾಲುಗಳು ಆಗಲೇ ಓಡಲು ಸಿದ್ಧವಾಗಿದ್ದವು. ಆ ದಿನದ ಕಬ್ಬಿನ ಬದು ಕಣ್ಣ ಮುಂದೆ ಬಂತು. ಹೌದು ಎನ್ನಲೇ? ಹೆದರಿಕೆ ಹೌದು ಎನ್ನುತ್ತಿತ್ತು. ಆದರೆ ಗಾಜನ್ನು ಕೂರಿಸುವಾಗಲೇ ಅದರ ಬುಡ ಬೆಂಕಿಯ ನೆತ್ತಿಗಿಂತ ಮೇಲಿರುವ ಹಾಗೆ ಕೂರಿಸಿರುತ್ತಾರೆ. ಗೆರೆ ಕಂಡಿತೆಂದರೆ ಕಬ್ಬಿಣದ ಮೇಲೆ ಇನ್ನೂ ನೀರಿದೆ.

“ಓಡಲ್ಲ ಸಾರ್. ಗಾಜು ಸುಳ್ಳು ಹೇಳ್ತಿದ್ಯಾ ಅಂತ ಬಿಟ್ಟು ನೋಡ್ತೀನಿ. ನಿಜವಾದ್ರೆ ಬೆಂಕಿ ತಗ್ಗಿಸಿ ಪಂಪು ಹಾಕ್ತೀನಿ.”

ಅವರು ಪೆನ್ನು ಕೆಳಗಿಟ್ಟರು. “ನೀರು ಪೂರ್ತಿ ಖಾಲಿ. ಗ್ಯಾರಂಟಿ ಖಾಲಿ. ತಣ್ಣೀರು ಹಾಕಬಾರದು ಅಂತ ನಿಮಗೆ ಗೊತ್ತು. ನಿಮ್ಮ ಟ್ಯಾಂಕಿನಲ್ಲಿ ಕುದಿಯೋ ಹಂಗಿರೋ ಬಿಸಿನೀರು ಇದೆ. ಅದನ್ನ ಹಾಕಬಹುದಲ್ಲಾ?”

ಇದು ನೋಟ್‌ಬುಕ್ಕಿನಲ್ಲಿ ಇರಲಿಲ್ಲ. ಇಕ್ಕ ಹೇಳಿಕೊಟ್ಟಿರಲಿಲ್ಲ. ಹೆಂಡತಿಗೂ ಹೊಳೆದಿರಲಿಲ್ಲ. ಇಕ್ಕನ ಬಾಯಲ್ಲಿ, ನನ್ನ ಬಾಯಲ್ಲಿ ಯಾವಾಗಲೂ ‘ತಣ್ಣೀರು’ ಎಂದೇ ಇತ್ತು. ತಣ್ಣೀರು ಕೆಟ್ಟದ್ದಾದರೆ ಬಿಸಿನೀರು ಒಳ್ಳೆಯದಲ್ಲವೇ? ಈ ಒಂದು ಉತ್ತರದ ಮೇಲೆ ಮನೆ, ಕೆಲಸ, ಎಲ್ಲ ನಿಂತಿದೆ ಎನಿಸಿತು. ಆಮೇಲೆ ಕೆಂಪು ಕಬ್ಬಿಣವನ್ನು ನೆನೆದೆ. ಆ ಕಬ್ಬಿಣಕ್ಕೆ ನಮ್ಮ ಬಿಸಿನೀರು ಬಿಸಿಯೇ? ಕೈ ಸುಡುವ ನೀರೂ ಅದರ ಮುಂದೆ ತಣ್ಣೀರೇ. ಇನ್ನು ಆವಿಯಾಗುವುದಕ್ಕೆ ಬಿಸಿನೀರಿಗೆ ಅಷ್ಟು ಹೊತ್ತೂ ಬೇಡ.

“ಹಾಕಬಾರ್ದು ಸಾರ್” ಎಂದು, ಯಾಕೆಂದೂ ಹೇಳಿದೆ. ದನಿ ನಡುಗುತ್ತಿತ್ತು.

“ಯಾಕ್ರೀ ಇಷ್ಟು ಹೆದರ್ತೀರಿ? ನಾನೇನು ಹೊಡೀತೀನಾ?”

“ನಿಮಗಲ್ಲ ಸಾರ್” ಎಂದೆ.

ಅವರು ಪೆನ್ನು ಮತ್ತೆ ಎತ್ತಿಕೊಂಡರು. ಹೋಗಿ ಎಂದರು.

ಬಾಗಿಲಲ್ಲೇ ಕಂಪಲಾಪುರದವನು ತೋಳು ಹಿಡಿದ. “ಅಣ್ಣಾ, ಏನ್ ಕೇಳುದ್ರು? ಬೇಗ ಹೇಳಣ್ಣಾ, ಆನ್ಸರ್ ಹೇಳು!” ಚೀಟಿಯ ಹಿಂಬದಿ ಪೆನ್ನು ಹಿಡಿದು ನಿಂತಿದ್ದ.

“ಬರ್ಕಬೇಡ ಕಣಪ್ಪಾ. ನಿಂಗೆ ಬೇರೆ ತರ ಕೇಳ್ತಾರೆ. ಒಳಗಡೆ ನೀರು ಯಾಕಿರ್ತದೆ ಅಂದ್ರೆ...”

“ಅಯ್ಯೋ, ಅದೆಲ್ಲಾ ಬ್ಯಾಡ ಬುಡಣ್ಣಾ! ಹೌದಾ, ಅಲ್ವಾ, ಅಷ್ಟೇಳು. ಬಿಸ್ನೀರು ಅಂತ ಕೇಳುಸ್ತು. ಆಕ್ಬೋದಾ?”

ಒಳಗಿನಿಂದ ಕರೆದರು. “ಹಾಕಬಾರದು” ಎಂದು ಮಾತ್ರ ಹೇಳಲು ಆಯಿತು. ಅವನು ಅದನ್ನು ಬರೆದುಕೊಂಡೇ ಒಳಗೆ ಹೋದ. ಕೆ.ಆರ್. ನಗರದ ಬಸ್ಸಿನಲ್ಲಿ ಕೂತ ಮೇಲೂ ಆ ಚೀಟಿ ಕಣ್ಣ ಮುಂದಿತ್ತು. ಗಾಜಿನ ಬುಡದಲ್ಲಿ ನೀರು ಚೆನ್ನಾಗಿ ಕಾಣುತ್ತಿದ್ದಾಗಲೂ ‘ಹಾಕಬಾರದು’ ಎಂದುಕೊಂಡು, ಇವನು ಪಂಪು ಹಾಕದೆ ಕೂತು, ಇದ್ದ ನೀರನ್ನೂ ಒಣಗಿಸಿಬಿಟ್ಟರೆ? ನನ್ನ ಒಂದು ಮಾತು ಅವನ ಕೈಯಲ್ಲಿ ಏನೇನು ಆಗಬಹುದೆಂದು ಎಣಿಸುತ್ತಲೇ ಊರು ತಲುಪಿದೆ.

ಕೆಲವು ವಾರಗಳ ನಂತರ ಪಟ್ಟಿ ಬಂತು. ನನ್ನ ನಂಬರ್ ಇತ್ತು. ಮೂರು ಸಲ ಓದಿದೆ, ಹೆಂಡತಿಯ ಕೈಯಲ್ಲೂ ಓದಿಸಿದೆ. ಅವಳು ಪೂರ್ತಿ ಓದಿ, “ಇದೆ” ಎಂದಳು, ಮುಖ ತಿರುಗಿಸಿ ಕಣ್ಣೊರೆಸಿಕೊಂಡಳು. ನನ್ನ ನಂತರದ ನಂಬರ್, ಆ ಕಂಪಲಾಪುರದವನದು, ಹುಡುಕಿದೆ. ಇರಲಿಲ್ಲ. ಹೇಳಲು ನಾಚಿಕೆಯಾಗುತ್ತದೆ, ಒಬ್ಬ ಮನುಷ್ಯ ಫೇಲಾದನೆಂದು ಮನಸ್ಸು ಹಗುರವಾಯಿತು. ಅವನ ಮಿಲ್ಲಿನ ಕಣದಲ್ಲೂ ಹೆಂಗಸರಿರುತ್ತಾರಲ್ಲ.

ಯಜಮಾನರು ಮನೆಯ ಬೀಗದ ಕೈ ಕೊಟ್ಟರು. ಕರೆಂಟ್ ಬಿಲ್ಲಿನ ಮಾತೆತ್ತಲು ಅದೇ ಒಳ್ಳೆಯ ಗಳಿಗೆ. ಎತ್ತಿದೆ, ಅರ್ಧಕ್ಕೆ ಒಪ್ಪಿದರು.

ಆ ಭಾನುವಾರ ಮಿಲ್ಲಿಗೆ ರಜೆ. ಕಂಪಲಾಪುರಕ್ಕೆ ಬಸ್ ಹತ್ತಿದೆ. ಕೇಳಿಕೊಂಡು ಹೋದರೆ ಅವನು ತಣ್ಣಗಿದ್ದ ಬಾಯ್ಲರಿನ ಮುಂದೆ ಬೂದಿ ಬಾಚುತ್ತಿದ್ದ. ನನ್ನನ್ನು ಕಂಡು ಮುಖ ಸಪ್ಪಗೆ ಮಾಡಿದ.

“ಏನಣ್ಣಾ, ಪಾಸಾದೆ ಅಂತ ಏಳ್ಕಳಾಕೆ ಬಂದ್ಯಾ? ಇಲ್ಲಾ ಹೊಸ ಕ್ವೆಶ್ಚನ್ ಏನಾರ ತಂದಿದ್ದೀಯಾ?”

“ಏನೂ ತಂದಿಲ್ಲ. ಸಲಿಕೆ ಕೆಳಗಿಡು. ಬೆಂಕಿ ಇಲ್ದಿರೋ ಹೊತ್ತು ನೋಡ್ಕಂಡೇ ಬಂದಿದ್ದೀನಿ” ಎಂದೆ. “ಈ ಗಾಜಿನ ಬುಡ ಇದ್ಯಲ್ಲ, ಒಳಗಡೆ ಅದಕ್ಕೆ ಸರಿಯಾಗಿ ಬೆಂಕಿ ಕೊಳವೆ ನೆತ್ತಿ ಎಲ್ಲಿ ಬತ್ತದೆ, ಹೊರಗಿಂದ ಕೈಯಿಟ್ಟು ತೋರ್ಸು.”

ಅವನು ಬಾಯ್ಲರಿನ ಮೈಮೇಲೆ ಕೈಯಿಟ್ಟ. ಬಹಳ ಮೇಲಕ್ಕೆ ಇಟ್ಟಿದ್ದ. ನಾನು ಆ ಕೈ ಹಿಡಿದು ಗಾಜಿನ ಬುಡಕ್ಕಿಂತ ಕೆಳಕ್ಕೆ ಇಳಿಸಿದೆ.